ಎಂಟು ನಿಮಿಷದಲ್ಲಿ ಇನ್ಸುಲಿನ್

ಪರೀಕ್ಷಾ ಕೋಣೆಯ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ನಾಲ್ಕೇ ಸಾಲು. 54 ವರ್ಷದ ಮಹಿಳೆ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ಬಗೆಯ ಮಾತ್ರೆ ನುಂಗುತ್ತಿದ್ದರೂ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ. 10.2 ಇದೆ. 30/70 ಇನ್ಸುಲಿನ್ ಬೆಳಿಗ್ಗೆ 10 ಯೂನಿಟ್, ರಾತ್ರಿ 6 ಯೂನಿಟ್ ಶುರು ಮಾಡಬೇಕೆಂದು ಹಿರಿಯ ವೈದ್ಯರು ಬರೆದಿದ್ದಾರೆ. ರೋಗಿಗೆ ವಿವರಿಸಿ, ಸಮಯ 8 ನಿಮಿಷ.

ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಇಂಥ ಪರೀಕ್ಷೆ ಈಗ ಹೊಸದಲ್ಲ. ಒಂದೊಂದು ಕೋಣೆಯಲ್ಲಿ ಒಂದೊಂದು ಕೆಲಸ ಕೊಟ್ಟು, ಗಂಟೆ ಬಾರಿಸಿದಾಗ ಮುಂದಿನ ಕೋಣೆಗೆ ಕಳಿಸುವ ಓಸ್ಕಿ ಪದ್ಧತಿಯನ್ನು ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ರೂಪಿಸಿ 1975ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ 2019ರಿಂದ ಜಾರಿಗೆ ಬಂದ ಹೊಸ ವೈದ್ಯಕೀಯ ಪಠ್ಯಕ್ರಮ ರೋಗಿಯೊಡನೆ ಮಾತಾಡುವುದನ್ನೂ ಕಲಿಸಬೇಕಾದ ವಿಷಯಗಳ ಪಟ್ಟಿಗೆ ಸೇರಿಸಿತು. ಕೋಣೆಯ ಒಳಗೆ ಕೂತಿರುವ ರೋಗಿ ನಿಜವಾದ ರೋಗಿಯಲ್ಲ, ಪಾತ್ರ ಕಲಿತು ಬಂದವರು. ಮೂಲೆಯಲ್ಲಿ ಪರೀಕ್ಷಕರು ಬಾಯಿ ತೆರೆಯದೆ ಗುರುತು ಹಾಕುತ್ತಿರುತ್ತಾರೆ.

ಬಾಗಿಲ ಹಾಳೆಯಲ್ಲಿ ಇಲ್ಲದ ಸಂಗತಿಗಳು ರೋಗಿಯ ಪಾತ್ರಧಾರಿಯ ಕೈಯಲ್ಲಿರುವ ಹಾಳೆಯಲ್ಲಿರುತ್ತವೆ. ನಾವು ನೋಡುತ್ತಿರುವ ಮಾದರಿಯಲ್ಲಿ ಅವು ಮೂರು. ಈಕೆ ದಾವಣಗೆರೆ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಮಕ್ಕಳೆಲ್ಲ ಉಂಡು, ಪಾತ್ರೆ ತೊಳೆದು, ತಾನು ಉಣ್ಣುವ ಹೊತ್ತಿಗೆ ಮಧ್ಯಾಹ್ನ ಎರಡೂವರೆ. ಈಕೆಯ ಅಣ್ಣನಿಗೆ ಇನ್ಸುಲಿನ್ ಶುರುವಾದ ಆರು ತಿಂಗಳಿಗೆ ಕಾಲು ತೆಗೆದರು. ಮತ್ತು ಸೋಮವಾರ ಈಕೆಗೆ ಒಪ್ಪೊತ್ತು. ಈ ಮೂರನ್ನೂ ಆಕೆ ತಾನಾಗಿ ಹೇಳುವುದಿಲ್ಲ, ಕೇಳಿದರೆ ಮಾತ್ರ. ಯಾವ ಮಟ್ಟದ ಪ್ರಶ್ನೆಗೆ ಎಷ್ಟು ಹೇಳಬೇಕು ಎಂಬುದೂ ಅದೇ ಹಾಳೆಯಲ್ಲಿ ಬರೆದಿರುತ್ತದೆ.

ಚೆನ್ನಾಗಿ ಓದಿದ ವಿದ್ಯಾರ್ಥಿಯೇ ಇಲ್ಲಿ ಎಡವುವುದು ಹೆಚ್ಚು. ಒಳಗೆ ಬಂದು ಕೂತು, "ಅಮ್ಮ, ನಮ್ಮ ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಅಂತ ಇರುತ್ತೆ" ಎಂದು ಶುರು ಮಾಡಿದರೆ ಮೂರು ನಿಮಿಷ ಪಾಠ ನಡೆಯುತ್ತದೆ. ಆಕೆ ಹೂಂಗುಟ್ಟುತ್ತಲೇ ಇರುತ್ತಾಳೆ. ಅಂಗರಚನೆ, ಮಾತ್ರೆಯ ಬಗೆಗಳು, ಕಿಡ್ನಿ, ಕಣ್ಣು ಎಲ್ಲ ಸರಿಯಾಗಿಯೇ ಬರುತ್ತದೆ. ಆದರೆ ಆಕೆಯ ತಲೆಯಲ್ಲಿ ಅಷ್ಟು ಹೊತ್ತೂ ಸುಳಿಯುತ್ತಿರುವುದು ಅಣ್ಣನ ಕಾಲು. ಹೇಳಿದ್ದು ಒಂದೂ ಒಳಗೆ ಇಳಿದಿರುವುದಿಲ್ಲ.

ಚೆನ್ನಾಗಿ ಮಾಡುವವರು ಮೊದಲ ಒಂದೂವರೆ ನಿಮಿಷ ಏನನ್ನೂ ವಿವರಿಸುವುದಿಲ್ಲ. ಹೆಸರು, ನಮಸ್ಕಾರ ಆದ ಮೇಲೆ ಕೇಳುತ್ತಾರೆ: "ಡಾಕ್ಟರು ಇನ್ಸುಲಿನ್ ವಿಷಯ ಹೇಳಿದ್ರಂತಲ್ಲ ಅಮ್ಮ. ಅದನ್ನ ಕೇಳಿದಾಗ ಮನಸ್ಸಿಗೆ ಏನನ್ನಿಸ್ತು?"

"ಏನಿಲ್ಲ ಮೇಡಂ. ನೀವು ಹೇಳಿದ್ಮೇಲೆ ಆಯ್ತು."

ಇದು ಒಪ್ಪಿಗೆಯಲ್ಲ. ನಮ್ಮ ಜನ ಡಾಕ್ಟರ ಮುಂದೆ ಬೇಡ ಎನ್ನುವ ರೀತಿಯೇ ಹೀಗೆ. ಪರೀಕ್ಷಕರ ಪೆನ್ನು ಇಲ್ಲಿ ಕಾಯುತ್ತಿರುತ್ತದೆ, ವಿದ್ಯಾರ್ಥಿ ಇಷ್ಟಕ್ಕೇ ಮುಂದೆ ಹೋಗುತ್ತಾಳೋ ಅಥವಾ ಇನ್ನೊಂದು ಸಲ ಕೇಳುತ್ತಾಳೋ ಎಂದು. "ಮನೇಲಿ, ನೆಂಟರಲ್ಲಿ ಯಾರಾದ್ರೂ ಇನ್ಸುಲಿನ್ ತಗೊಂಡಿದ್ದಾರಾ?" ಎಂಬ ಇನ್ನೊಂದು ಪ್ರಶ್ನೆಗೆ ಬಾಗಿಲು ತೆರೆಯುತ್ತದೆ.

"ನಮ್ಮಣ್ಣಂಗೂ ಹಿಂಗೇ ಸೂಜಿ ಶುರು ಮಾಡಿದ್ರು. ಆರು ತಿಂಗ್ಳಿಗೆ ಕಾಲು ತೆಗುದ್ರು. ಸೂಜಿ ಅಂದ್ರೆ ಕೊನೇ ಹಂತ ಅಂತಾರಲ್ಲ ಮೇಡಂ?"

ಇದಕ್ಕೆ "ಹಾಗೇನಿಲ್ಲ, ಹೆದರಬೇಡಿ" ಎಂದರೆ ಅಂಕ ಬರುವುದಿಲ್ಲ, ಆಕೆಯ ಹೆದರಿಕೆಯೂ ಹೋಗುವುದಿಲ್ಲ. ಅಣ್ಣನ ಕಾಲು ಹೋಗಿದ್ದು ನಿಜ, ಇನ್ಸುಲಿನ್ ಆಮೇಲೆಯೇ ಹೋಗಿದ್ದೂ ನಿಜ. ಆಕೆ ಕಣ್ಣಾರೆ ಕಂಡದ್ದನ್ನು ಸುಳ್ಳು ಎನ್ನದೆ, ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಬಿಡಿಸಿ ಹೇಳಬೇಕು. "ಅಣ್ಣನಿಗೆ ಎಷ್ಟು ವರ್ಷದಿಂದ ಶುಗರ್ ಇತ್ತು? ಕಾಲಿನ ಗಾಯ ಮೊದಲಾ, ಸೂಜಿ ಮೊದಲಾ?" ಎಂದು ಕೇಳಿದರೆ ಆಕೆಯೇ ಹೇಳುತ್ತಾಳೆ: ಇಪ್ಪತ್ತು ವರ್ಷದ ಕಾಯಿಲೆ, ಕಾಲಿನ ಹುಣ್ಣು ಒಣಗದೇ ಆಸ್ಪತ್ರೆಗೆ ಹೋದಾಗಲೇ ಇನ್ಸುಲಿನ್ ಕೊಟ್ಟಿದ್ದು. ಆಗ ವಿದ್ಯಾರ್ಥಿ ಸೇರಿಸಬೇಕಾದ್ದು ಒಂದೇ ಮಾತು. ವರ್ಷಗಟ್ಟಲೆ ಏರಿದ್ದ ಶುಗರ್ ನರ, ರಕ್ತನಾಳಗಳನ್ನು ಕೆಡಿಸಿತ್ತು, ಇನ್ಸುಲಿನ್ ತಡವಾಗಿ ಬಂತು, ನಿಮಗೆ ಹಾಗಾಗಬಾರದೆಂದೇ ಈಗ ಶುರು ಮಾಡುತ್ತಿದ್ದೇವೆ.

ಕಾಯಿಲೆಯ ವಿವರಣೆಗೆ ಜಾಗ ಬರುವುದು ಈಗ, ಅದೂ ಒಂದು ನಿಮಿಷದಷ್ಟು. ಇನ್ಸುಲಿನ್ ಒಂದು ಬೀಗದ ಕೈ ಎಂಬ ಹೋಲಿಕೆ ಎಲ್ಲ ಕರಪತ್ರಗಳಲ್ಲೂ ಇದೆ. ಭದ್ರಾ ನಾಲೆಯ ಸೀಮೆಯ ಹೆಂಗಸಿಗೆ ನಾಲೆಯ ತೂಬು ಅದಕ್ಕಿಂತ ಹತ್ತಿರ. ಉಂಡದ್ದು ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ, ನಾಲೆಗೆ ನೀರು ಬಂದ ಹಾಗೆ. ತೂಬು ತೆಗೆದರೆ ತಾನೇ ಗದ್ದೆಗೆ ನೀರು? ಆ ತೂಬು ತೆಗೆಯುವ ಕೆಲಸ ಇನ್ಸುಲಿನ್‌ದು. ಅದು ಕಡಿಮೆಯಾದರೆ ನಾಲೆ ತುಂಬಿ ಹರಿಯುತ್ತದೆ, ಗದ್ದೆ ಒಣಗುತ್ತದೆ. ರಕ್ತದಲ್ಲಿ ಇಷ್ಟು ಸಕ್ಕರೆ ಇದ್ದೂ ಮೈಯಲ್ಲಿ ಶಕ್ತಿಯಿಲ್ಲದಿರುವುದು ಅದಕ್ಕೇ, ತುಂಬಿ ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದರಿಂದಲೇ ರಾತ್ರಿ ನಾಲ್ಕು ಸಲ ಏಳಬೇಕಾಗುವುದು. ಆಕೆಗೆ ಈಗಾಗಲೇ ಇರುವ ಎರಡು ತೊಂದರೆಗಳಿಗೆ ಕಾರಣ ಸಿಕ್ಕಿತಲ್ಲ, ಅದರ ಮುಂದೆ ಗ್ರಂಥಿಯ ಹೆಸರಿಗೆ ಬೆಲೆಯಿಲ್ಲ.

ಆಮೇಲೆ ಬರುವ ಪ್ರಶ್ನೆಯನ್ನು ಅರ್ಧಕ್ಕರ್ಧ ರೋಗಿಗಳು ಬಾಯಿಬಿಟ್ಟು ಕೇಳುವುದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ: ನಾನು ಪಥ್ಯ ಸರಿಯಾಗಿ ಮಾಡಲಿಲ್ಲವೆಂದು ತಾನೇ ಈ ಶಿಕ್ಷೆ? ಬ್ರಿಟನ್ನಿನಲ್ಲಿ 1977ರಿಂದ 1997ರವರೆಗೆ ನಡೆದ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಈ ಬಗೆಯ ಸಕ್ಕರೆ ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಇನ್ಸುಲಿನ್ ಸುರಿಸುವ ಜೀವಕೋಶಗಳ ಶಕ್ತಿ ಸುಮಾರು ಅರ್ಧ ಹೋಗಿರುತ್ತದೆ, ಪಥ್ಯ ಮಾತ್ರೆಗಳು ನಡೆದಿದ್ದರೂ ವರ್ಷ ಕಳೆದಂತೆ ಅದು ಇಳಿಯುತ್ತಲೇ ಹೋಗುತ್ತದೆ. ಮಾತ್ರೆಗಳಲ್ಲಿ ಕೆಲವು ಉಳಿದ ಶಕ್ತಿಯನ್ನೇ ಹಿಂಡಿ ಕೆಲಸ ಮಾಡಿಸುವಂಥವು, ಹಿಂಡಲು ಏನೂ ಉಳಿಯದಿದ್ದಾಗ ಅವು ಸೋಲುತ್ತವೆ. ಪರೀಕ್ಷೆಯ ಕೋಣೆಯಲ್ಲಿ ಇದನ್ನು ಇಷ್ಟರಲ್ಲೇ ಹೇಳಬಹುದು: "ನಿಮ್ಮ ತಪ್ಪಿಲ್ಲ ಅಮ್ಮ. ಹತ್ತು ವರ್ಷದಲ್ಲಿ ಒಳಗಿನ ಇನ್ಸುಲಿನ್ ಕಡಿಮೆಯಾಗಿದೆ, ಕಡಿಮೆ ಬಿದ್ದಷ್ಟನ್ನ ಹೊರಗಿಂದ ಕೊಡ್ತೀವಿ." ಮಾತ್ರೆಗಳಲ್ಲಿ ಯಾವುದು ಮುಂದುವರಿಯುತ್ತದೆ, ಯಾವುದು ನಿಲ್ಲುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮನೆಗೆ ಹೋದ ಮೇಲೆ ಸೂಜಿ ಬಂತಲ್ಲ ಎಂದು ಎಲ್ಲ ಮಾತ್ರೆಯನ್ನೂ ಬಿಡುವವರಿದ್ದಾರೆ, ಹಿಂಡುವ ಮಾತ್ರೆಯನ್ನೂ ಸೂಜಿಯನ್ನೂ ಒಟ್ಟಿಗೆ ನಡೆಸಿ ಶುಗರ್ ಕುಸಿಸಿಕೊಳ್ಳುವವರೂ ಇದ್ದಾರೆ.

ಈಗ ಸೂಜಿ. ಮೇಜಿನ ಮೇಲೆ ಒಂದು ಸೀಸೆ, ಒಂದು ಸಿರಿಂಜು ಇಟ್ಟಿರುತ್ತಾರೆ. ಇದು ಇಡೀ ಪರೀಕ್ಷೆಯಲ್ಲಿ ಪ್ರಾಣಕ್ಕೆ ಹತ್ತಿರವಾದ ಭಾಗ, ಆದರೂ ಅವಸರದಲ್ಲಿ ಮುಗಿದುಹೋಗುವುದೂ ಇದೇ. ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಕೊಡುವ ಸೀಸೆಯಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ. ಪೆನ್ನಿಗೆ ಹಾಕುವ ಕೊಳವೆಗಳಲ್ಲಿ ಮತ್ತು ಕೆಲವು ಸೀಸೆಗಳಲ್ಲಿ ಒಂದು ಎಂಎಲ್‌ಗೆ 100. ಸಿರಿಂಜುಗಳೂ ಅದಕ್ಕೆ ತಕ್ಕಂತೆ ಎರಡು ಬಗೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. ದೂರದಿಂದ ನೋಡಿದರೆ ಎರಡೂ ಒಂದೇ ಥರ.

ನಮ್ಮ ಅಡುಗೆಯಮ್ಮನ ಸೀಸೆ 40ರದ್ದು. ಊರಿನ ಮೆಡಿಕಲ್ ಶಾಪಿನಲ್ಲಿ ಕೆಂಪು ಮುಚ್ಚಳದ್ದು ಮುಗಿದಿದೆಯೆಂದು ಕಿತ್ತಳೆ ಮುಚ್ಚಳದ್ದು ಕೊಟ್ಟರು ಎಂದುಕೊಳ್ಳಿ. ಆಕೆ ಹತ್ತರ ಗೆರೆಯವರೆಗೆ ಎಳೆಯುತ್ತಾಳೆ. ಆ ಸಿರಿಂಜಿನಲ್ಲಿ ಹತ್ತರ ಗೆರೆ ಎಂದರೆ ಒಂದು ಎಂಎಲ್‌ನ ಹತ್ತನೇ ಒಂದು ಭಾಗ, ಆಕೆಯ ಔಷಧಿಯಲ್ಲಿ ಅಷ್ಟರೊಳಗೆ ಇರುವುದು ನಾಲ್ಕೇ ಯೂನಿಟ್. ಹತ್ತು ಹಾಕಿಕೊಂಡೆನೆಂದು ತಿಳಿದು ನಾಲ್ಕು ಹಾಕಿಕೊಳ್ಳುತ್ತಾಳೆ, ಶುಗರ್ ಇಳಿಯುವುದಿಲ್ಲ, ಮುಂದಿನ ಭೇಟಿಯಲ್ಲಿ ಡಾಕ್ಟರು ಡೋಸ್ ಏರಿಸುತ್ತಾರೆ. ಒಂದು ದಿನ ಕೆಂಪು ಮುಚ್ಚಳದ ಸಿರಿಂಜು ಮತ್ತೆ ಸಿಕ್ಕಿದಾಗ ಏರಿಸಿದ ಡೋಸ್ ಪೂರ್ತಿ ಒಳಗೆ ಹೋಗುತ್ತದೆ. ತಿರುಗಾ ಮುರುಗಾ ಆದರೆ ಇನ್ನೂ ಕೆಡುಕು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹತ್ತರ ಗೆರೆಗೆ ಎಳೆದರೆ 25 ಯೂನಿಟ್ ಬರುತ್ತದೆ.

ಇದನ್ನು ಮನೆಯಲ್ಲೇ ಪತ್ತೆ ಮಾಡುವ ಒಂದು ಉಪಾಯವಿದೆ. ಹತ್ತು ಎಂಎಲ್‌ನ 40ರ ಸೀಸೆಯಲ್ಲಿ ಒಟ್ಟು 400 ಯೂನಿಟ್. ದಿನಕ್ಕೆ 16ರಂತೆ ಅದು 25 ದಿನಕ್ಕೆ ಮುಗಿಯಬೇಕು. ತಿಂಗಳಾದರೂ ಸೀಸೆಯಲ್ಲಿ ಅರ್ಧ ಉಳಿದಿದೆಯೆಂದರೆ ಎಲ್ಲೋ ಲೆಕ್ಕ ತಪ್ಪಿದೆ, ಹತ್ತು ದಿನಕ್ಕೇ ಖಾಲಿಯಾದರೂ ಹಾಗೆಯೇ. ಇಷ್ಟೆಲ್ಲ ಲೆಕ್ಕವನ್ನು ರೋಗಿಯ ಮುಂದೆ ಒಪ್ಪಿಸಬೇಕಿಲ್ಲ. "ಸೀಸೆ ಮೇಲೆ 40 ಅಂತ ಇದೆ, ಸಿರಿಂಜಿನ ಮೇಲೂ 40 ಇರಬೇಕು, ಮುಚ್ಚಳ ಕೆಂಪು. ಅಂಗಡಿಗೆ ಹೋಗುವಾಗ ಹಳೇ ಸಿರಿಂಜಿನ ಕವರು ತಗೊಂಡು ಹೋಗಿ ತೋರಿಸಿ. ಸೀಸೆ ಒಂದು ತಿಂಗಳಿಗಿಂತ ಜಾಸ್ತಿ ಬಂತು ಅಂದ್ರೆ ನಮ್ಮ ಹತ್ರ ಬನ್ನಿ." ಇಷ್ಟು ಸಾಕು. ಇಲ್ಲಿ ನನ್ನದೊಂದು ತಕರಾರು: ಈ ಒಂದು ಮಾತಿಗೆ ಪರೀಕ್ಷೆಯ ಅಂಕಪಟ್ಟಿಯಲ್ಲಿ ನಮಸ್ಕಾರ ಹೇಳಿದ್ದಕ್ಕೆ ಕೊಡುವಷ್ಟೇ ಅಂಕ ಇಟ್ಟರೆ ನ್ಯಾಯವಲ್ಲ.

ಚುಚ್ಚುವ ಕ್ರಮವನ್ನು ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿ ತೋರಿಸುವುದು ಬೇಗ. 30/70 ಇನ್ಸುಲಿನ್ ನಿಂತಲ್ಲಿ ನಿಂತರೆ ತಳದಲ್ಲಿ ಬಿಳಿ ಕೂರುತ್ತದೆ. ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಒಂದೇ ಸಮನೆ ಹಾಲಿನ ಬಣ್ಣ ಬರುವವರೆಗೆ ಬೆರೆಸಬೇಕು, ಕುಲುಕಬಾರದು. ಎಷ್ಟು ಔಷಧಿ ಬೇಕೋ ಅಷ್ಟೇ ಗಾಳಿಯನ್ನು ಮೊದಲು ಸೀಸೆಗೆ ತಳ್ಳಿ ಆಮೇಲೆ ಎಳೆದರೆ ಸಲೀಸು. ಹೊಕ್ಕಳಿನಿಂದ ಎರಡು ಬೆರಳು ಬಿಟ್ಟು ಹೊಟ್ಟೆಯ ಮೇಲೆ ಚರ್ಮವನ್ನು ಮೆದುವಾಗಿ ಎತ್ತಿ ಹಿಡಿದು ಚುಚ್ಚಬೇಕು. ಪ್ರತಿ ಸಲವೂ ಹಿಂದಿನ ಜಾಗದಿಂದ ಒಂದು ಬೆರಳಷ್ಟು ಸರಿಯಬೇಕು, ಏಕೆಂದರೆ ಒಂದೇ ಕಡೆ ಚುಚ್ಚುತ್ತ ಬಂದರೆ ಅಲ್ಲಿ ಕೊಬ್ಬು ಗಂಟು ಕಟ್ಟುತ್ತದೆ. ಗಂಟಿನಲ್ಲಿ ನೋವು ಕಡಿಮೆ, ಹಾಗಾಗಿ ಜನ ಅಲ್ಲೇ ಚುಚ್ಚಲು ಇಷ್ಟಪಡುತ್ತಾರೆ. ಆದರೆ ಅಲ್ಲಿಂದ ಔಷಧಿ ಒಂದು ದಿನ ಹೀರಿದಂತೆ ಇನ್ನೊಂದು ದಿನ ಹೀರುವುದಿಲ್ಲ, ಡೋಸ್ ಬದಲಾಗದಿದ್ದರೂ ಶುಗರ್ ಏರುಪೇರಾಗುತ್ತದೆ. ವಾರಕ್ಕೊಮ್ಮೆ ಸ್ನಾನದ ಹೊತ್ತಿಗೆ ಬೆರಳಾಡಿಸಿ ನೋಡಿದರೆ ಗಂಟು ಕೈಗೆ ಸಿಗುತ್ತದೆ.

ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳದೆ "ಫ್ರಿಜ್ಜಿನಲ್ಲಿಡಿ" ಎನ್ನುವುದೂ ಒಂದು ಮಾಮೂಲಿ ತಪ್ಪು. ತೆರೆಯದ ಸೀಸೆಗೆ ಫ್ರಿಜ್ಜಿನ ತಂಪು ಬೇಕು, ಮೇಲಿನ ಮಂಜುಗಡ್ಡೆಯ ಖಾನೆ ಮಾತ್ರ ಬೇಡ, ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬಳಸುತ್ತಿರುವ ಸೀಸೆ ಬಿಸಿಲು ಬೀಳದ ತಣ್ಣನೆಯ ಜಾಗದಲ್ಲಿ ನಾಲ್ಕು ವಾರ ಇರಬಲ್ಲದು. ಫ್ರಿಜ್ ಇಲ್ಲದವರು ಮಣ್ಣಿನ ಮಡಕೆಯಲ್ಲಿ ನೀರು ಹಾಕಿ, ಅದರೊಳಗೆ ಇನ್ನೊಂದು ಪುಟ್ಟ ಕುಡಿಕೆಯಲ್ಲಿ ಸೀಸೆಯನ್ನು ನೀರು ತಾಗದಂತೆ ಇಡಬಹುದು. ಆದರೆ ಈ ಅಡುಗೆಯಮ್ಮ ಸೀಸೆಯನ್ನು ಶಾಲೆಯ ಅಡುಗೆಮನೆಗೆ ಒಯ್ಯಬಾರದು, ಒಲೆಯ ಕಾವು ಸಾಕು ಅದನ್ನು ಕೆಡಿಸಲು.

ಗಡಿಯಾರದಲ್ಲಿ ಐದೂವರೆ ನಿಮಿಷ. ಇನ್ನೂ ಒಂದು ಕೇಳಿಲ್ಲ: ದಿನದಲ್ಲಿ ಯಾವ ಹೊತ್ತಿಗೆ ಏನು ಉಣ್ಣುತ್ತೀರಿ?

30/70 ಎಂದರೆ ಒಂದೇ ಸೀಸೆಯಲ್ಲಿ ಎರಡು ಬಗೆಯ ಇನ್ಸುಲಿನ್. ನೂರರಲ್ಲಿ ಮೂವತ್ತು ಪಾಲು ಬೇಗ ಕೆಲಸ ಶುರು ಮಾಡುವುದು, ಉಳಿದ ಎಪ್ಪತ್ತು ನಿಧಾನಕ್ಕೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಚುಚ್ಚಿಕೊಳ್ಳಬೇಕಾದ್ದು ಮೊದಲನೆಯ ಪಾಲಿಗಾಗಿ. ಎರಡನೆಯ ಪಾಲು ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ತಿಂಡಿ ತಿಂದವಳು ಎರಡೂವರೆಯ ತನಕ ಹೊಟ್ಟೆಗೇನೂ ಇಲ್ಲದೆ, ದೊಡ್ಡ ಪಾತ್ರೆಗಳನ್ನು ಎತ್ತಿಳಿಸುತ್ತಿದ್ದರೆ ಒಂದು ಗಂಟೆಯ ಸುಮಾರಿಗೆ ಅವಳ ಶುಗರ್ ಕುಸಿಯುತ್ತದೆ, ಅದೂ ಉರಿಯುವ ಒಲೆಯ ಮುಂದೆ. ಊಟದ ಹೊತ್ತನ್ನು ಕೇಳದ ವಿದ್ಯಾರ್ಥಿ ಬೇರೆಲ್ಲ ಸರಿಯಾಗಿ ಹೇಳಿದ್ದರೂ ಈಕೆಯನ್ನು ಅಪಾಯಕ್ಕೆ ಕಳಿಸಿದಂತೆಯೇ. ಕೇಳಿದವಳು ಹೀಗೆ ಹೇಳುತ್ತಾಳೆ: "ಮಕ್ಕಳಿಗೆ ಬಡಿಸೋ ಮುಂಚೆ ನೀವು ಸ್ವಲ್ಪ ಉಣ್ಣೋದಕ್ಕೆ ಆಗುತ್ತಾ? ಅದು ಆಗಲ್ಲ ಅಂದ್ರೆ ಈಗಲೇ ಹೇಳಿ, ಸೂಜಿಯ ಬಗೆ, ಹೊತ್ತು ಬದಲಾಯಿಸಬಹುದಾ ಅಂತ ದೊಡ್ಡ ಡಾಕ್ಟರನ್ನ ಕೇಳಿಕೊಂಡು ಬರ್ತೀನಿ." ನನಗೆ ಗೊತ್ತಿಲ್ಲ, ಕೇಳಿ ಬರುತ್ತೇನೆ ಎಂದರೆ ಇಲ್ಲಿ ಅಂಕ ಹೋಗುವುದಿಲ್ಲ. ಸೋಮವಾರದ ಒಪ್ಪೊತ್ತಿನ ಮಾತು ಈ ಪ್ರಶ್ನೆಯ ಬಾಲ ಹಿಡಿದು ತಾನಾಗಿ ಹೊರಬರುತ್ತದೆ. ಒಂದು ಹೊತ್ತು ಬಿಟ್ಟ ದಿನ ಅದೇ ಡೋಸ್ ನಡೆಯುವುದಿಲ್ಲ, ಎಷ್ಟು ಹಾಕಿಕೊಳ್ಳಬೇಕೆಂಬುದನ್ನು ಮೊದಲೇ ಡಾಕ್ಟರಲ್ಲಿ ಬರೆಸಿಕೊಂಡಿರಬೇಕು.

ಕುಸಿದದ್ದು ತಿಳಿಯುವುದು ಹೇಗೆ? ಮೈ ಬೆವರಿ, ಕೈ ನಡುಗಿ, ಎದೆ ಹೊಡೆದುಕೊಂಡು, ಒಮ್ಮೆಲೇ ಹಸಿವಾಗುತ್ತದೆ. ಇನ್ನೂ ಇಳಿದರೆ ತಲೆ ಮಂಕಾಗಿ ಮಾತು ತಡವರಿಸುತ್ತದೆ. ಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದರೆ ಕುಸಿದಂತೆ. ಆದರೆ ಅಡುಗೆಮನೆಯಲ್ಲಿ ಬೆವರುವುದು ಆಕೆಗೆ ದಿನನಿತ್ಯದ ಮಾತು. ಹಾಗಾಗಿ ಬೆವರಿನ ಜೊತೆ ನಡುಕ ಬಂತೋ ನೋಡಿಕೊಳ್ಳಿ ಎಂದು ಬಿಡಿಸಿ ಹೇಳಬೇಕು. ಬಂದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯುವುದು, ಕಾಲು ಗಂಟೆ ಕೂರುವುದು, ಕಡಿಮೆಯಾಗದಿದ್ದರೆ ಮತ್ತೊಮ್ಮೆ ಕುಡಿಯುವುದು, ಸರಿಹೋದ ಮೇಲೆ ಊಟ ಮಾಡುವುದು. ಮೀಟರ್ ಕೈಯಲ್ಲಿಲ್ಲದಿದ್ದರೆ ಅನುಮಾನ ಬಂದ ಕೂಡಲೇ ಸಕ್ಕರೆ ನೀರು ಕುಡಿಯಬೇಕು, ಪರೀಕ್ಷೆ ಮಾಡಿಸಿಕೊಂಡು ಬರುವವರೆಗೆ ಕಾಯಬಾರದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್. ಈ ಕೊನೆಯ ಮಾತನ್ನು ರೋಗಿಗಿಂತ ಜೊತೆಗೆ ಕೆಲಸ ಮಾಡುವ ಇನ್ನೊಬ್ಬ ಅಡುಗೆಯವರಿಗೆ ಹೇಳಿಕೊಡಬೇಕು. ಬಿದ್ದವರು ತಾವೇ ಫೋನ್ ಮಾಡುವುದಿಲ್ಲವಲ್ಲ.

ಏಳನೇ ನಿಮಿಷಕ್ಕೆ "ಎಲ್ಲ ಅರ್ಥವಾಯ್ತಾ ಅಮ್ಮ?" ಎಂದು ಕೇಳಿದರೆ "ಆಯ್ತು ಮೇಡಂ" ಎಂದೇ ಉತ್ತರ. ಅದಕ್ಕೆ ಅಂಕಪಟ್ಟಿಯಲ್ಲಿ ಜಾಗವಿಲ್ಲ. "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು. ಮನೆಗೆ ಹೋಗಿ ಮಗನಿಗೆ ಹೇಗೆ ಹೇಳ್ತೀರಿ, ಒಂದ್ಸಲ ನನಗೆ ಹೇಳಿ" ಎಂದರೆ ಪರೀಕ್ಷೆ ರೋಗಿಯದಲ್ಲ, ತನ್ನದು ಎಂದಾಗುತ್ತದೆ. ಆಕೆ ಸಿರಿಂಜು ಕೈಗೆತ್ತಿಕೊಂಡು ಹೇಳುತ್ತಾಳೆ, "ಬೆಳಿಗ್ಗೆ ಹತ್ತು ಪಾಯಿಂಟು, ರಾತ್ರಿ ಆರು. ಚುಚ್ಕೊಂಡು ಕೆಲಸಕ್ಕೆ ಹೋಗೋದು." ಚುಚ್ಚಿಕೊಂಡ ಅರ್ಧ ಗಂಟೆಗೆ ತಿಂಡಿ ತಿನ್ನಬೇಕೆಂಬುದು ಬಿಟ್ಟುಹೋಯಿತು. ಆ ಒಂದನ್ನಷ್ಟೇ ಮತ್ತೆ ಹೇಳಿ, ಮತ್ತೆ ಹೇಳಿಸಬೇಕು. ಎಲ್ಲವನ್ನೂ ಮೊದಲಿಂದ ಶುರು ಮಾಡುವವರು ಇಲ್ಲಿ ಸಮಯ ಕಳೆದುಕೊಳ್ಳುತ್ತಾರೆ.

ಗಂಟೆ ಬಾರಿಸಲು ಅರ್ಧ ನಿಮಿಷ ಇರುವಾಗ ಪಾತ್ರಧಾರಿ ಕೇಳುವ ಪ್ರಶ್ನೆಯೂ ಹಾಳೆಯಲ್ಲಿ ಬರೆದದ್ದೇ: "ಇದು ಸಾಯೋತನಕನಾ ಮೇಡಂ?" ಸಮಾಧಾನಕ್ಕೆಂದು "ಇಲ್ಲ ಇಲ್ಲ, ಸ್ವಲ್ಪ ದಿನ" ಎಂದರೆ ಸುಳ್ಳಾಗುತ್ತದೆ. ಹತ್ತು ವರ್ಷ ಹಳೆಯ ಕಾಯಿಲೆ, ಎರಡು ಮಾತ್ರೆಗಳ ಮೇಲೂ 10.2 ಇರುವವರಲ್ಲಿ ಹೆಚ್ಚಿನವರಿಗೆ ಇನ್ಸುಲಿನ್ ಮುಂದುವರಿಯುತ್ತದೆ. ಏರಿದ ಶುಗರ್ ಒಮ್ಮೆ ಹಿಡಿತಕ್ಕೆ ಬಂದ ಮೇಲೆ ಡೋಸ್ ಇಳಿಯುವವರಿದ್ದಾರೆ, ಮಾತ್ರೆಗೆ ಮರಳುವವರೂ ಕೆಲವರಿದ್ದಾರೆ, ಯಾರು ಎಂದು ಈಗಲೇ ಹೇಳಲಾಗದು. "ಬಹಳ ಜನಕ್ಕೆ ಮುಂದುವರಿಯುತ್ತೆ ಅಮ್ಮ, ಕೆಲವರಿಗೆ ಕಡಿಮೆಯಾಗುತ್ತೆ. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿ ನೋಡೋಣ. ಅದಕ್ಕೂ ಮೊದಲು ವಾರ ಬಿಟ್ಟು ಬನ್ನಿ, ಡೋಸ್ ಸರಿಮಾಡಬೇಕಾಗುತ್ತೆ. ಬರುವಾಗ ಸೀಸೆ, ಸಿರಿಂಜು, ಶುಗರ್ ಬರೆದಿಟ್ಟ ಚೀಟಿ ಮೂರನ್ನೂ ತನ್ನಿ. ನಡುವೆ ಜ್ವರ ಬಂದ್ರೆ ನೀವಾಗೇ ನಿಲ್ಲಿಸಬೇಡಿ, ಫೋನ್ ಮಾಡಿ."